ಫ್ಲ್ಯಾಟಿನಲ್ಲಿ ಗೊಬ್ಬರಕ್ಕೆ ಯಾವ ಡಬ್ಬ? ಮೊದಲು ಕಸದ ನೀರಿನ ದಾರಿ ನೋಡಿ

ಗೊಬ್ಬರದ ಮಡಕೆಯನ್ನು ನಾನು ಮೊದಲ ಸಲ ಮನೆಗೆ ತಂದದ್ದು ಜೂನ್ ತಿಂಗಳಲ್ಲಿ. ಬೆಂಗಳೂರು, ಮೂರನೇ ಮಹಡಿ, ಪಶ್ಚಿಮಕ್ಕೆ ತೆರೆದ ಬಾಲ್ಕನಿ. ಹನ್ನೆರಡನೇ ದಿನ ಬೆಳಿಗ್ಗೆ ಕೆಳಗಿನ ಮನೆಯ ಆಂಟಿ ಬಾಗಿಲು ತಟ್ಟಿದರು. ಕೈಯಲ್ಲಿ ಒಗೆದು ಒಣಗಲು ಹಾಕಿದ್ದ ಬೆಡ್‌ಶೀಟು, ಅದರ ಮೇಲೆ ಚಹಾದ ಬಣ್ಣದ ಎರಡು ಉದ್ದ ಗೆರೆ.

"ಏನಮ್ಮ, ನಿಮ್ಮ ಬಾಲ್ಕನಿಯಿಂದ ಅದೇನು ಸಾರು ಸುರೀತಿದೆ?"

ಬೆಡ್‌ಶೀಟು ಒಗೆದುಕೊಟ್ಟೆ. ಗೆರೆ ಪೂರ್ತಿ ಹೋಗಲಿಲ್ಲ. ಮಡಕೆಯಲ್ಲಿ ದೋಷ ಇರಲಿಲ್ಲ. ಕೊಳ್ಳುವ ಮೊದಲು ನಾನು ನೋಡಿದ್ದು ಬೆಲೆ, ಬಣ್ಣ, ಎಷ್ಟು ಜಾಗ ಬೇಕು ಎನ್ನುವುದಷ್ಟೇ. ನೋಡಬೇಕಾಗಿದ್ದದ್ದು ಬೇರೆ. ಅಡುಗೆಮನೆಯ ಸಿಪ್ಪೆ, ಸೊಪ್ಪಿನ ದಂಟುಗಳಲ್ಲಿ ನೂರಕ್ಕೆ ಎಂಬತ್ತು ಪಾಲು ನೀರೇ. ಗೊಬ್ಬರ ಮಾಡುವುದೆಂದರೆ ಮುಕ್ಕಾಲು ಕೆಲಸ ಆ ನೀರಿಗೆ ಒಂದು ದಾರಿ ತೋರಿಸುವುದು. ಊರಿನಲ್ಲಿ ಈ ತಲೆನೋವು ಇರಲಿಲ್ಲ. ಕಲಗಚ್ಚು ಹಸುವಿಗೆ, ಸಿಪ್ಪೆ ತಿಪ್ಪೆಗೆ, ನೀರು ನೆಲಕ್ಕೆ. ಫ್ಲ್ಯಾಟಿನಲ್ಲಿ ನಮ್ಮ ಕೆಳಗಿರುವುದು ನೆಲವಲ್ಲ, ಇನ್ನೊಬ್ಬರ ಬಾಲ್ಕನಿ. ಮಾರುಕಟ್ಟೆಯಲ್ಲಿರುವ ಮಡಕೆ, ಡಬ್ಬ, ಯಂತ್ರ ಎಲ್ಲವೂ ಬೇರೆಯಾಗುವುದು ಈ ನೀರನ್ನು ಎಲ್ಲಿಗೆ ಕಳಿಸುತ್ತವೆ ಎನ್ನುವುದರಲ್ಲೇ. ಹಾಗಾಗಿ ಅದನ್ನೇ ಹಿಡಿದು ಹೋಲಿಸುತ್ತೇನೆ.

ಡಬ್ಬಕ್ಕೂ ಮೊದಲು ಬೇರ್ಪಡಿಕೆ

2015ರ ಕೊನೆಯಲ್ಲಿ ಹೈಕೋರ್ಟಿನ ಆದೇಶ ಬಂದ ಮೇಲೆ ಬೆಂಗಳೂರಿನ ಮನೆಗಳಿಗೆ 'ಎರಡು ಬಿನ್, ಒಂದು ಚೀಲ' ಬಂತು. ಹಸಿರು ಬಿನ್ನಿಗೆ ಹಸಿ ಕಸ, ಕೆಂಪು ಬಿನ್ನಿಗೆ ಪ್ಯಾಡು, ಡಯಾಪರಿನಂಥ ಸ್ಯಾನಿಟರಿ ಕಸ, ಚೀಲಕ್ಕೆ ಒಣ ಕಸ. ಮರುವರ್ಷ ಬಂದ 2016ರ ಕೇಂದ್ರದ ನಿಯಮಗಳು ಇಡೀ ದೇಶಕ್ಕೆ ಹಸಿ, ಒಣ, ಮನೆಯ ಅಪಾಯಕಾರಿ ಕಸ ಎಂಬ ಮೂರು ಪಾಲು ಹೇಳಿದವು. ಇದು ಎಲ್ಲರಿಗೂ ಗೊತ್ತು. ಎಡವುವುದು ಸಣ್ಣಪುಟ್ಟ ವಸ್ತುಗಳಲ್ಲಿ.

ನನ್ನ ಮೊದಲ ಗೊಬ್ಬರವನ್ನು ಜರಡಿ ಹಿಡಿದಾಗ ಜರಡಿಯಲ್ಲಿ ಉಳಿದದ್ದು ಇವು: ಸೇಬಿನ ಮೇಲಿನ ಸ್ಟಿಕರು ಒಂಬತ್ತು, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಗಳು, ಕೊತ್ತಂಬರಿ ಕಟ್ಟಿದ ರಬ್ಬರ್ ಬ್ಯಾಂಡು, ದೇವರ ಹಾರದ ನೈಲಾನ್ ದಾರ, ಕಡ್ಡಿ ಸಮೇತ ಎರಡು ಟೀ ಬ್ಯಾಗಿನ ಬಲೆ, ಮತ್ತೆ ಮಗನ ಆಟಿಕೆಯಿಂದ ಬಿದ್ದ ಬಟನ್ ಸೆಲ್ ಒಂದು, ಸುತ್ತಲೂ ತುಕ್ಕು ಹಿಡಿದದ್ದು. ಮೊದಲಿನವನ್ನೆಲ್ಲ ಆರಿಸಿ ಎಸೆಯಬಹುದು. ಸೆಲ್ಲಿನೊಳಗಿನ ಲೋಹ ಮಣ್ಣಿಗೆ ಇಳಿದಿದ್ದರೆ ಆರಿಸಲು ಬರುವುದಿಲ್ಲ. ಆ ಒಂದು ಮಡಕೆ ಗೊಬ್ಬರವನ್ನು ಕೊತ್ತಂಬರಿ, ಪುದೀನಕ್ಕೆ ಹಾಕುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಅಡುಗೆಕಟ್ಟೆಯ ಮೇಲೆ ಕೆಲವು ಅಭ್ಯಾಸ ಬದಲಾದವು. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಸೀಳಿ ಅದಕ್ಕೇ ಜೋತುಬಿಡುತ್ತೇನೆ, ತೊಳೆದು ಒಣಹಾಕಿದರೆ ಇಡಿಯಾಗಿ ಒಣ ಕಸಕ್ಕೆ ಹೋಗುತ್ತದೆ. ಸ್ಟಿಕರನ್ನು ಹಣ್ಣು ತೊಳೆಯುವಾಗಲೇ ಕಿತ್ತುಬಿಡುತ್ತೇನೆ. ಪೇಪರ್ ಕಪ್ಪು ಹೆಸರಿಗೆ ಪೇಪರು, ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಹಸಿ ಕಸಕ್ಕೆ ಸೇರುವುದಿಲ್ಲ. ಅಂಗಡಿಯ ನುಣುಪು ಬಿಲ್ಲಿಗೆ ರಾಸಾಯನಿಕ ಲೇಪ ಇರುತ್ತದೆ, ಅದೂ ಮಡಕೆಗೆ ಬೇಡ. ಗುಡಿಸಿದ ಧೂಳು, ಕೂದಲು ಕೆಂಪು ಬಿನ್ನಿಗೆ.

ಅಪಾಯಕಾರಿ ಕಸ ದಿನಾ ಬರುವುದಲ್ಲ, ಅದಕ್ಕೇ ಮರೆತುಹೋಗುತ್ತದೆ. ಮುಚ್ಚಳವಿರುವ ಒಂದು ಹಳೆಯ ಡಬ್ಬವನ್ನು ಮಕ್ಕಳ ಕೈಗೆ ಸಿಗದಂತೆ ಯುಟಿಲಿಟಿಯ ಮೇಲಿನ ಹಲಗೆಯಲ್ಲಿ ಇಟ್ಟುಕೊಂಡರೆ ಸಾಕು. ಸೆಲ್ಲು, ಅವಧಿ ಮೀರಿದ ಮಾತ್ರೆ, ಸೊಳ್ಳೆ ದ್ರವದ ಖಾಲಿ ಬಾಟಲಿ, ಉಳಿದ ಬಣ್ಣ, ನೇಲ್ ಪಾಲಿಶ್ ಎಲ್ಲ ಅದಕ್ಕೆ. ಇನ್ಸುಲಿನ್ ಸೂಜಿ ಇರುವ ಮನೆಯಲ್ಲಿ ಅದಕ್ಕೆ ಬೇರೆಯೇ ಗಟ್ಟಿ ಪ್ಲಾಸ್ಟಿಕ್ ಬಾಟಲಿ ಬೇಕು, ಯಾಕೆಂದರೆ ಕಸ ಬೇರ್ಪಡಿಸುವವರ ಕೈಗೆ ಚುಚ್ಚುವುದು ಅದೇ. ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ. ಒಡೆದರೆ ಪೊರಕೆ ಹಿಡಿಯಬೇಡಿ. ಕಿಟಕಿ ತೆರೆದು ಸ್ವಲ್ಪ ಹೊತ್ತು ಆಚೆ ಹೋಗಿ, ಆಮೇಲೆ ದಪ್ಪ ಕಾಗದದಲ್ಲಿ ಬಾಚಿ, ಚೂರುಗಳನ್ನು ಅಂಟುಪಟ್ಟಿಗೆ ಅಂಟಿಸಿಕೊಂಡು ಗಾಜಿನ ಬಾಟಲಿಗೆ ಹಾಕಿ ಮುಚ್ಚಿ.

ಒಂದು ವಾರ ತೂಕ ಮಾಡಿ

ಯಾವುದನ್ನೂ ಕೊಳ್ಳುವ ಮೊದಲು ಏಳು ದಿನ ಹಸಿ ಕಸ ತೂಗಿ. ನಮ್ಮದು ನಾಲ್ಕು ಜನರ ಮನೆ. ಮಾಮೂಲಿ ದಿನ ಅರ್ಧ ಕಿಲೋದಿಂದ ಮುಕ್ಕಾಲು ಕಿಲೋ ಬಂತು. ಭಾನುವಾರ ಕಲ್ಲಂಗಡಿ ತಂದಿದ್ದೆವು, ಆ ದಿನ ಹತ್ತಿರ ಹತ್ತಿರ ಎರಡು ಕಿಲೋ. ವಾರಕ್ಕೆ 5.6 ಕಿಲೋ, ಅಂದರೆ ದಿನಕ್ಕೆ ಸರಾಸರಿ 800 ಗ್ರಾಂ. ತೂಕದ ಜೊತೆಗೆ ಇನ್ನೊಂದನ್ನು ಬರೆದುಕೊಳ್ಳಿ: ಅದರಲ್ಲಿ ಬೇಯಿಸಿದ್ದು ಎಷ್ಟು? ಹಳಸಿದ ಅನ್ನ, ಉಳಿದ ಸಾರು, ಮೀನಿನ ಮುಳ್ಳು? ಆಯ್ಕೆ ನಿಲ್ಲುವುದು ಈ ಎರಡು ಉತ್ತರಗಳ ಮೇಲೆ.

ಈಗ ನೀರಿನ ಲೆಕ್ಕ. 800 ಗ್ರಾಂ ಸಿಪ್ಪೆಯಲ್ಲಿ ಸುಮಾರು 640 ಗ್ರಾಂ ನೀರು, 160 ಗ್ರಾಂ ಗಟ್ಟಿ ಪದಾರ್ಥ. ಗಾಳಿಯಾಡುತ್ತ ಕೊಳೆಯಬೇಕಾದರೆ ರಾಶಿಯಲ್ಲಿ ನೀರು ನೂರಕ್ಕೆ 60 ಮೀರಬಾರದು. ಮೀರಿದರೆ ಸಂದುಗಳೆಲ್ಲ ನೀರು ತುಂಬಿ ಗಾಳಿ ಹೊರಗಾಗುತ್ತದೆ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಕೆಲಸ ಶುರುಮಾಡುತ್ತವೆ, ಕೊಳೆತ ಮೊಟ್ಟೆಯ ನಾತ ಬರುತ್ತದೆ. 640 ಗ್ರಾಂ ನೀರನ್ನು 60ರೊಳಗೆ ಇಡಲು ಒಟ್ಟು ಗಟ್ಟಿ ಪದಾರ್ಥ ಸುಮಾರು 425 ಗ್ರಾಂ ಇರಬೇಕು. ನಮ್ಮಲ್ಲಿರುವುದು 160. ಉಳಿದದ್ದನ್ನು ಒಣ ಎಲೆಯಿಂದ ತುಂಬಬೇಕು, ಎಲೆಯಲ್ಲೂ ಸ್ವಲ್ಪ ತೇವ ಇರುವುದರಿಂದ 300 ಗ್ರಾಂ ಹಿಡಿಯಿರಿ. ಪುಡಿಮಾಡಿದ ಒಣ ಎಲೆ 300 ಗ್ರಾಂ ಅಂದರೆ ಮೂರು-ನಾಲ್ಕು ಲೀಟರಿನ ಪಾತ್ರೆ ತುಂಬುವಷ್ಟು. ದಿನಾ! ಈ ಸಂಖ್ಯೆ ನೋಡಿದ ಮೇಲೆ ನನಗೆ ಬೆಡ್‌ಶೀಟಿನ ರಹಸ್ಯ ಅರ್ಥವಾಯಿತು. ನಾನು ಹಾಕುತ್ತಿದ್ದದ್ದು ಒಂದು ಹಿಡಿ.

ಪ್ಲಾಸ್ಟಿಕ್ ಬಕೆಟ್: ನೀರನ್ನು ಹೀರಿಸಬೇಕು

ಪೇಂಟ್ ಬಂದಿದ್ದ 20 ಲೀಟರ್ ಖಾಲಿ ಬಕೆಟ್ಟಿಗೆ ಬದಿಯಲ್ಲಿ ತೂತು ಕೊರೆದು ಗೊಬ್ಬರ ಮಾಡುವುದು ಎಲ್ಲಕ್ಕಿಂತ ಅಗ್ಗ. ಆದರೆ ಪ್ಲಾಸ್ಟಿಕ್ ಗೋಡೆಯಿಂದ ನೀರು ಆವಿಯಾಗುವುದಿಲ್ಲ. ತೂತುಗಳಿಂದ ಹೋಗುವುದು ಅಲ್ಪಸ್ವಲ್ಪ. ಹಾಗಾಗಿ ಮೇಲಿನ ಲೆಕ್ಕದ ಹೆಚ್ಚುಕಡಿಮೆ ಪೂರ್ತಿ ಪಾಲನ್ನು ನೀವೇ ಹಾಕಬೇಕು. ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುವುದರಿಂದ ಎಲೆಗಿಂತ ಕಡಿಮೆ ಸಾಕಾಗುತ್ತದೆ. ಆದರೆ ಅದನ್ನು ಒಣಪುಡಿಯಾಗಿಯೇ ಹಾಕಬೇಕು. ಇಟ್ಟಿಗೆಯ ಹಾಗೆ ಒತ್ತಿದ ಕೊಕೊಪೀಟನ್ನು ನೀರಲ್ಲಿ ನೆನೆಸಿ ಅರಳಿಸಿ ಹಾಕುವವರನ್ನು ಕಂಡಿದ್ದೇನೆ, ಅದು ಒದ್ದೆ ಬಟ್ಟೆಯಿಂದ ನೆಲ ಒರೆಸಿದ ಹಾಗೆ. ಕೊಕೊಪೀಟ್ ಒಂದನ್ನೇ ಹಾಕಿದರೆ ಮುದ್ದೆಗಟ್ಟುತ್ತದೆ, ಎಲೆ ಸೇರಿಸಿದರೆ ನಡುವೆ ಗಾಳಿ ಉಳಿಯುತ್ತದೆ. ಎರಡೂ ಅರ್ಧರ್ಧ ಇದ್ದರೆ ಒಳ್ಳೆಯದು. ಬಡಗಿಯ ಹತ್ತಿರ ಮರದ ಹೊಟ್ಟು ತರುವುದಾದರೆ ಪ್ಲೈವುಡ್ಡಿನದು ಬೇಡ, ಅದರಲ್ಲಿ ಅಂಟು ಇರುತ್ತದೆ.

ಒಬ್ಬರೋ ಇಬ್ಬರೋ ಇರುವ ಮನೆಗೆ, ಹತ್ತಿರದಲ್ಲಿ ಒಣ ಎಲೆ ಬೀಳುವ ರಸ್ತೆ ಇದ್ದರೆ, ಬಕೆಟ್ ಧಾರಾಳವಾಗಿ ಸಾಕು. ನಾಲ್ಕು ಜನರ ಮನೆಗೆ ಎಲೆ ಹೊತ್ತು ತರುವುದೇ ಒಂದು ಉದ್ಯೋಗವಾಗುತ್ತದೆ.

ಮಣ್ಣಿನ ಮಡಕೆ: ನೀರು ಗೋಡೆಯಿಂದ ಆವಿ

ಒಂದರ ಮೇಲೊಂದು ಕೂರುವ ಮೂರು ಮಡಕೆ, ಬೆಂಗಳೂರಿನಲ್ಲಿ ಖಂಬ ಎಂದರೆ ಬಹಳ ಜನಕ್ಕೆ ಗೊತ್ತು. ಮೇಲಿನ ಎರಡಕ್ಕೆ ತಳವಿಲ್ಲ, ಹಗ್ಗದ ಅಥವಾ ಜಾಲರಿಯ ಅಡ್ಡಪಟ್ಟಿ ಇರುತ್ತದೆ. ಮೇಲಿನದಕ್ಕೆ ದಿನಾ ಕಸ, ಅದು ತುಂಬಿದರೆ ನಡುವಿನ ಮಡಕೆಯ ಜೊತೆ ಅದಲುಬದಲು, ನಡುವಿನದು ಇಳಿದು ಅರ್ಧ ಹಣ್ಣಾದರೆ ಕೆಳಗಿನದಕ್ಕೆ ಸುರಿದು ಮಾಗಲು ಬಿಡುವುದು. ಇದರ ಜಾಣತನ ಇರುವುದು ಮಣ್ಣಿನಲ್ಲಿ. ಹೂಜಿಯ ನೀರು ತಣ್ಣಗಾಗುವುದು ಯಾಕೋ ಅದಕ್ಕೇ ಇಲ್ಲಿ ಕಸ ಒಣಗುತ್ತದೆ, ಗೋಡೆ ಬೆವರಿ ನೀರು ಗಾಳಿಗೆ ಹೋಗುತ್ತದೆ. ಗಾಳಿಯಾಡುವ ಜಾಗದಲ್ಲಿ ಇಟ್ಟರೆ ನಾನು ಹಾಕಬೇಕಾದ ಎಲೆ ಲೆಕ್ಕದ ಅರ್ಧಕ್ಕೆ ಇಳಿಯಿತು.

ಆದರೆ ಗಾಳಿಯೇ ಒದ್ದೆಯಾಗಿರುವಾಗ ಮಡಕೆ ಬೆವರುವುದಿಲ್ಲ. ಜೂನ್‌ನಿಂದ ಅಕ್ಟೋಬರ್ ತನಕ ಅದನ್ನು ಮಳೆ ಎರಚಲು ಬೀಳದ, ಆದರೆ ಗಾಳಿ ಹಾಯುವ ಜಾಗಕ್ಕೆ ಸರಿಸಬೇಕು, ಎಲೆಯನ್ನು ಮತ್ತೆ ಹೆಚ್ಚಿಸಬೇಕು. ಕರಾವಳಿಯವರು, ಮಲೆನಾಡಿನವರು ಮಳೆಗಾಲದಲ್ಲಿ ಇದರ ಮೇಲೆ ಭರವಸೆ ಇಡದಿರುವುದೇ ಲೇಸು. ಮಡಕೆ ಉಪ್ಪು ಹುಳಿ ಎಣ್ಣೆಯ ಅಡುಗೆಯನ್ನು ಸ್ವಲ್ಪ ತಡೆಯುತ್ತದೆ, ದಿನಾ ಒಂದು ಬಟ್ಟಲು ಸಾರನ್ನ ತಡೆಯುವುದಿಲ್ಲ. ತುಂಬಿದ ಮಡಕೆ ಎತ್ತಿ ಬದಲಿಸಲು ಇಬ್ಬರು ಬೇಕು, ಬೆನ್ನುನೋವಿನವರು ಇದನ್ನು ಅಂಗಡಿಯಲ್ಲಿ ಖಾಲಿ ಇರುವಾಗ ಎತ್ತಿ ನೋಡಿ ತೀರ್ಮಾನ ಮಾಡಬೇಡಿ.

ಬೊಕಾಶಿ: ನೀರು ನಲ್ಲಿಯಿಂದ ಕೆಳಗೆ

ಇದು ಗೊಬ್ಬರವಲ್ಲ, ಉಪ್ಪಿನಕಾಯಿ. ತಳದಲ್ಲಿ ಪುಟ್ಟ ನಲ್ಲಿ ಇರುವ ಗಾಳಿಯಾಡದ ಡಬ್ಬ. ಕಸ ಹಾಕಿ, ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಬೆಳೆಸಿದ ತೌಡು ಉದುರಿಸಿ, ಒತ್ತಿ, ಮುಚ್ಚಳ ಬಿಗಿಯುವುದು. ಗಾಳಿಯಿಲ್ಲದೆ ಕಸ ಹುಳಿಯುತ್ತದೆ. ದೋಸೆ ಹಿಟ್ಟು ಹುಳಿ ಬಂದಾಗಿನ ವಾಸನೆ ಬಂದರೆ, ಮೇಲೆ ಬಿಳಿ ಬೂಷ್ಟು ಕಂಡರೆ ಸರಿಯಾಗಿದೆ. ಕಪ್ಪು, ಹಸಿರು ಬೂಷ್ಟು ಬಂದು ಹೊಟ್ಟೆ ತೊಳಸುವ ನಾತ ಹೊಡೆದರೆ ಮುಚ್ಚಳ ಸಡಿಲ ಇದ್ದಿರಬೇಕು, ಇಲ್ಲವೇ ನಲ್ಲಿ ತೆರೆಯುವುದನ್ನು ಮರೆತಿರಬೇಕು. ಎರಡು-ಮೂರು ದಿನಕ್ಕೊಮ್ಮೆ ರಸ ಇಳಿಸಲೇಬೇಕು. ಆ ರಸ ಬಲು ಹುಳಿ. ಒಂದಕ್ಕೆ ನೂರು ಪಾಲು ನೀರು ಬೆರೆಸಿ ಗಿಡಕ್ಕೆ ಹಾಕಬಹುದು, ಉಳಿದದ್ದನ್ನು ಟಾಯ್ಲೆಟ್ಟಿಗೆ ಸುರಿಯಬಹುದು.

ಇದರ ದೊಡ್ಡ ಲಾಭ ಏನೆಂದರೆ ಹಳಸಿದ ಅನ್ನ, ಪಲ್ಯ, ಸ್ವಲ್ಪ ಮೀನು ಮಾಂಸ ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಎಲೆ ಬೇಡ, ಬಾಲ್ಕನಿಯೂ ಬೇಡ, ಸಿಂಕಿನ ಕೆಳಗೆ ಇಡಬಹುದು. ಮಳೆಗಾಲದ ಭಯವಿಲ್ಲ. ಮಾರುವವರು ಬಾಯಿಬಿಡದ ಎರಡು ಸಂಗತಿ ಇವೆ. ಒಂದು, ಡಬ್ಬ ತುಂಬಿದ ಮೇಲೆ ಎರಡು ವಾರ ಮುಚ್ಚಿ ಇಡಬೇಕಾದ್ದರಿಂದ ಎರಡು ಡಬ್ಬ ಕೊಳ್ಳಲೇಬೇಕು. ಎರಡು, ಹೊರಬರುವುದು ಮಣ್ಣಿನಂಥದ್ದಲ್ಲ. ಕ್ಯಾರೆಟ್ ಸಿಪ್ಪೆ ಕ್ಯಾರೆಟ್ ಸಿಪ್ಪೆಯಾಗಿಯೇ ಕಾಣುತ್ತದೆ. ಅದನ್ನು ಮಣ್ಣಿನಲ್ಲಿ ಹೂತು ಇನ್ನೂ ಎರಡರಿಂದ ನಾಲ್ಕು ವಾರ ಕಾಯಬೇಕು, ನೇರವಾಗಿ ಗಿಡದ ಬುಡಕ್ಕೆ ಹಾಕಿದರೆ ಹುಳಿಗೆ ಬೇರು ಸುಡುತ್ತದೆ. ಹಳೆಯ ಮಣ್ಣು ತುಂಬಿದ ಒಂದು ದೊಡ್ಡ ಟಬ್ಬು ಇಡಲು ಜಾಗವಿಲ್ಲದವರು ಇದನ್ನು ತರುವುದರಲ್ಲಿ ಅರ್ಥವಿಲ್ಲ.

ಎರೆಹುಳು ಮತ್ತು ಯಂತ್ರ

ಎರೆಹುಳುವಿಗೆ ತೇವ ಬೇಕೇ ಬೇಕು, ಆದರೆ ಉಪ್ಪು, ಖಾರ, ಎಣ್ಣೆ, ನಿಂಬೆ ಸಿಪ್ಪೆ, ಈರುಳ್ಳಿ ಆಗದು. ನಮ್ಮ ಅಡುಗೆಮನೆಯಲ್ಲಿ ಅವನ್ನು ಕಳೆದರೆ ಉಳಿಯುವುದೆಷ್ಟು? ಹುಣಸೆ ಹಿಪ್ಪೆಯೂ ಅದಕ್ಕೆ ಹುಳಿಯೇ. ಮೇಲಾಗಿ 30 ಡಿಗ್ರಿ ದಾಟಿದರೆ ಹುಳುಗಳಿಗೆ ಕಷ್ಟ ಶುರು. ರಾಯಚೂರಿನಲ್ಲಿರುವ ನಮ್ಮ ಅಕ್ಕ ಒಂದು ಏಪ್ರಿಲ್‌ನಲ್ಲಿ ತಾರಸಿಯ ನೆರಳಿನಲ್ಲಿ ಹುಳು ಸಾಕಿದಳು. ಮೇ ಮುಗಿಯುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಇರುವೆ ಮಾತ್ರ ಇದ್ದವು. ಬೆಂಗಳೂರು, ಮೈಸೂರಿನ ಹವೆ ಹುಳುವಿಗೆ ಒಗ್ಗುತ್ತದೆ, ಸೊಪ್ಪು ತರಕಾರಿಯೇ ಹೆಚ್ಚಿರುವ ಮನೆಗೆ ಇದರಿಂದ ಬರುವ ಗೊಬ್ಬರ ಬಲು ಚೆನ್ನ. ಆದರೆ ಇದು ಡಬ್ಬ ಇಟ್ಟುಕೊಂಡ ಹಾಗಲ್ಲ, ಸಾಕುಪ್ರಾಣಿ ಇಟ್ಟುಕೊಂಡ ಹಾಗೆ.

ವಿದ್ಯುತ್ ಯಂತ್ರ ನೀರನ್ನು ಕಾಯಿಸಿ ಓಡಿಸುತ್ತದೆ. ಕೆಲವೇ ಗಂಟೆಯಲ್ಲಿ ಕಂದು ಪುಡಿ ಕೈಗೆ ಬರುತ್ತದೆ, ನೋಡಿದವರಿಗೆ ಗೊಬ್ಬರ ಸಿದ್ಧ ಅನಿಸುತ್ತದೆ. ಮೇಜಿನ ಮೇಲಿಡುವ ಬಹುತೇಕ ಯಂತ್ರಗಳಲ್ಲಿ ಅದು ಒಣಗಿಸಿ ಪುಡಿಮಾಡಿದ ಕಸ ಅಷ್ಟೇ, ಕೊಳೆತು ಮಾಗಿದ್ದಲ್ಲ. ಪರೀಕ್ಷೆ ಸುಲಭ: ಒಂದು ಚಮಚ ಪುಡಿಗೆ ನೀರು ಹಾಕಿ ಮುಚ್ಚಿಡಿ. ಮೂರನೇ ದಿನ ಬೂಷ್ಟು ಹಿಡಿದು ನಾತ ಬಂದರೆ ಕುಂಡದಲ್ಲೂ ಅದೇ ಆಗುತ್ತದೆ. ಹತ್ತಾರು ಸಾವಿರ ಕೊಟ್ಟು, ಮೇಲೆ ಕರೆಂಟೂ ಸುಟ್ಟು, ಕೊನೆಗೆ ಮಣ್ಣಿನಲ್ಲಿ ಮಾಗಿಸುವ ಕೆಲಸ ಉಳಿದೇ ಇರುತ್ತದೆ. ಬಾಲ್ಕನಿಯೇ ಇಲ್ಲದ, ಎಲೆ ತರಲು ಸಮಯವಿಲ್ಲದ ಮನೆಗೆ ಕಸದ ಗಾತ್ರ ಇಳಿಸುವ ಸಾಧನವಾಗಿ ಒಪ್ಪಬಹುದು. ಗೊಬ್ಬರದ ಆಸೆಗೆ ನಾನಂತೂ ಹೇಳುವುದಿಲ್ಲ.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ

ಮಡಕೆಯಾಗಲಿ ಬಕೆಟ್ಟಾಗಲಿ, ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿನಿಂದ ನೀರು ಇಳಿದರೆ ಒದ್ದೆ ಹೆಚ್ಚು, ಎಲೆ ಹಾಕಿ ತಳದಿಂದ ಕೆದಕಿ. ಹಿಂಡಿದ ಬಟ್ಟೆಯ ಹಾಗೆ ತೇವ ಇದ್ದು ಒಂದೆರಡು ಹನಿ ಬಂದರೆ ಸರಿ. ಮುಷ್ಟಿ ಬಿಟ್ಟ ಕೂಡಲೇ ಉದುರಿದರೆ ಒಣಗಿದೆ, ಸ್ವಲ್ಪ ಹುಳಿ ಮಜ್ಜಿಗೆ ನೀರು ಚಿಮುಕಿಸಿ. ಮೂಗು ಇನ್ನೊಂದು ಅಳತೆ. ಕೊಳೆತ ಮೊಟ್ಟೆಯ ನಾತ ಗಾಳಿ ಸಾಲದ್ದಕ್ಕೆ. ಕಣ್ಣು ಉರಿಸುವ ಅಮೋನಿಯಾ ಘಾಟು ಹಸಿ ಹೆಚ್ಚಾಗಿ ಎಲೆ ಕಡಿಮೆಯಾದದ್ದಕ್ಕೆ, ಕಾಫಿ ಚರಟ, ಬೇಳೆ ಹೆಚ್ಚು ಬಿದ್ದ ವಾರ ಇದು ಬರುತ್ತದೆ.

ದಪ್ಪ, ಬೂದು ಬಣ್ಣದ ಹುಳುಗಳು ಕಂಡು ಕಿರುಚಿದವರು ಬಹಳ ಜನ. ಅವು ಹೆಚ್ಚಾಗಿ ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಗಳು. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ಕಸವನ್ನು ನಮಗಿಂತ ಚುರುಕಾಗಿ ಮುಗಿಸುತ್ತವೆ. ಬೇಡವಾದರೆ ಎಲೆ ಹೆಚ್ಚಿಸಿ ಒಣಗಿಸಿ, ತಾವೇ ಹೋಗುತ್ತವೆ. ಗುಂಗಾಡು ಎದ್ದರೆ ಹಣ್ಣಿನ ಸಿಪ್ಪೆ ಮೇಲೆ ತೆರೆದುಕೊಂಡಿದೆ ಎಂದು ಅರ್ಥ. ಪ್ರತಿ ಸಲ ಕಸದ ಮೇಲೆ ಎರಡು ಬೆರಳು ಎಲೆ ಮುಚ್ಚಿ, ಒಂದು ಚಮಚ ಬೇವಿನ ಹಿಂಡಿ ಉದುರಿಸಿ.

ತೆಂಗಿನ ಚಿಪ್ಪು, ಮಾವಿನ ವಾಟೆ, ಮೆಕ್ಕೆಜೋಳದ ದಿಂಡು ಇವು ಹೋದ ವರ್ಷ ಹೇಗಿದ್ದವೋ ಈ ವರ್ಷವೂ ಹಾಗೇ ಇರುತ್ತವೆ. ಬಾಳೆ ಎಲೆ, ನುಗ್ಗೆ ಸಿಪ್ಪೆಯನ್ನು ಕತ್ತರಿಸಿ ಹಾಕದಿದ್ದರೆ ನಾರು ಕೆದಕುವ ಕೋಲಿಗೆ ಸುತ್ತಿಕೊಳ್ಳುತ್ತದೆ.

ಮಾಗಿದ ಗೊಬ್ಬರಕ್ಕೆ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಅನುಮಾನವಿದ್ದರೆ ಅರ್ಧ ಗೊಬ್ಬರ, ಅರ್ಧ ಮಣ್ಣು ಬೆರೆಸಿ ಹತ್ತು ಮೆಂತ್ಯ ಕಾಳು ಬಿತ್ತಿ. ಮೂರು-ನಾಲ್ಕು ದಿನದಲ್ಲಿ ಎಂಟಾದರೂ ಮೊಳೆತರೆ ಹಾಕಬಹುದು. ಮೊಳೆಯದೆ ಕೊಳೆತರೆ ಇನ್ನೊಂದು ತಿಂಗಳು ಬಿಡಿ.

ಯಾರಿಗೆ ಯಾವುದು

ಗಾಳಿಯಾಡುವ ಬಾಲ್ಕನಿ, ಸಿಪ್ಪೆಯೇ ಹೆಚ್ಚು, ಮೂರು-ನಾಲ್ಕು ಜನ: ಮಡಕೆ. ಬೇಯಿಸಿದ್ದು ದಿನಾ ಉಳಿಯುವ, ಮೀನು ಮಾಂಸ ತಿನ್ನುವ ಮನೆ, ಮಣ್ಣಿನ ಟಬ್ಬಿಗೆ ಜಾಗ ಇದೆ: ಬೊಕಾಶಿ. ಒಂಟಿ ಬಾಡಿಗೆ ಮನೆ, ವರ್ಷದಲ್ಲಿ ಬಿಡಬೇಕಾಗಬಹುದು: ಬಕೆಟ್. ಇಷ್ಟರಲ್ಲಿ ಯಾವುದೂ ಹೊಂದದಿದ್ದರೆ ಹಸಿ ಕಸವನ್ನು ಪ್ಲಾಸ್ಟಿಕ್ ಚೀಲವಿಲ್ಲದೆ ಬರಿಯ ಬಿನ್ನಿನಿಂದ ಟಿಪ್ಪರಿಗೆ ಸುರಿಯುವುದೂ ಒಂದು ಆಯ್ಕೆಯೇ, ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಬೇರ್ಪಡಿಸದೆ ಗೊಬ್ಬರ ಮಾಡುವವರಿಗಿಂತ ಸರಿಯಾಗಿ ಬೇರ್ಪಡಿಸಿ ಕೊಡುವವರೇ ವಾಸಿ.

ಕೊಳ್ಳುವ ಮೊದಲು ಇನ್ನೊಂದು ಲೆಕ್ಕ. ನಮ್ಮ ತಿಂಗಳ 24 ಕಿಲೋ ಕಸ, ಅದಕ್ಕೆ ಹಾಕಿದ ಎಲೆ ಎಲ್ಲ ಸೇರಿ ಕೊನೆಗೆ ಐದಾರು ಕಿಲೋ ಗೊಬ್ಬರ ಆಗುತ್ತದೆ. ಬಾಲ್ಕನಿಯ ಎಂಟು ಕುಂಡಕ್ಕೆ ತಿಂಗಳಿಗೆ ಒಂದೊಂದು ಹಿಡಿ ಎಂದರೆ ಒಂದೂವರೆ ಕಿಲೋ ಮುಗಿಯುವುದೂ ಕಷ್ಟ. ಉಳಿದದ್ದನ್ನು ಯಾರಿಗೆ ಕೊಡುತ್ತೀರಿ ಎಂದು ಮೊದಲೇ ಯೋಚಿಸಿಟ್ಟುಕೊಳ್ಳಿ, ಇಲ್ಲದಿದ್ದರೆ ಕೆಳಗಿನ ಮಡಕೆ ಖಾಲಿಯಾಗದೆ ಇಡೀ ಸರಪಳಿ ನಿಲ್ಲುತ್ತದೆ. ನಮ್ಮದು ಅಪಾರ್ಟ್‌ಮೆಂಟಿನ ಮಾಲಿಗೆ ಹೋಗುತ್ತದೆ, ಬದಲಿಗೆ ಅವರು ಒಣ ಎಲೆಯ ಒಂದು ಗೋಣಿ ಲಿಫ್ಟಿನ ಪಕ್ಕ ಇಟ್ಟುಹೋಗುತ್ತಾರೆ.

ಮಡಕೆ ಈಗ ಇರುವುದು ಪೂರ್ವದ ಯುಟಿಲಿಟಿಯಲ್ಲಿ, ಕೆಳಗೆ ಒಂದು ಅಗಲ ತಟ್ಟೆ, ತಟ್ಟೆಯಲ್ಲಿ ಎರಡು ಹಿಡಿ ಕೊಕೊಪೀಟ್. ಬೇಸಿಗೆಯಲ್ಲಿ ಕಲ್ಲಂಗಡಿ ಸಿಪ್ಪೆ ಮಾತ್ರ ಮಡಕೆಗೆ ಹೋಗುವುದಿಲ್ಲ. ಅಷ್ಟು ನೀರನ್ನು ಆವಿ ಮಾಡುವ ಶಕ್ತಿ ಆ ಮಡಕೆಗೂ ಇಲ್ಲ, ಅಷ್ಟು ಎಲೆ ಹೊರುವ ಶಕ್ತಿ ನನಗೂ ಇಲ್ಲ. ಅದು ಬೆಳಿಗ್ಗೆ ಏಳಕ್ಕೆ ಟಿಪ್ಪರಿಗೆ.